ಫಂಡ್ ನಾಲ್ಕು, ಷೇರು ಅವೇ

ಪ್ರಶ್ನೆ: ಗಂಗಾವತಿಯಲ್ಲಿ ಭತ್ತದ ವ್ಯಾಪಾರ ನನ್ನದು. ಎರಡು ಲಾರ್ಜ್ ಕ್ಯಾಪ್, ಒಂದು ನಿಫ್ಟಿ ಇಂಡೆಕ್ಸ್, ಒಂದು ಫ್ಲೆಕ್ಸಿ ಕ್ಯಾಪ್ ಫಂಡ್‌ನಲ್ಲಿ ಹಣ ಹಾಕಿದ್ದೇನೆ. ಬ್ಯಾಂಕ್ ಷೇರು ಬಿದ್ದ ದಿನ ನಾಲ್ಕೂ ಬೀಳುವುದೇಕೆ?

ಉತ್ತರ: ನಾಲ್ಕು ಊರಲ್ಲಿ ಗದ್ದೆ ಕೊಂಡರೂ ಎಲ್ಲಕ್ಕೂ ತುಂಗಭದ್ರಾ ಎಡದಂಡೆ ಕಾಲುವೆಯೇ ನೀರುಣಿಸುತ್ತಿದ್ದರೆ, ಕಾಲುವೆ ನಿಂತ ವರ್ಷ ನಾಲ್ಕೂ ಒಣಗುತ್ತವೆ. ಸೆಬಿ ನಿಯಮದಂತೆ ಲಾರ್ಜ್ ಕ್ಯಾಪ್ ಫಂಡ್ ಕನಿಷ್ಠ ಶೇ 80ರಷ್ಟು ಹಣವನ್ನು ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಕಂಪನಿಗಳಲ್ಲೇ ಹೂಡಬೇಕು. ನಿಫ್ಟಿಯ 50 ಕಂಪನಿಗಳೂ ಬಹುತೇಕ ಅಲ್ಲಿಯವೇ. ಫ್ಲೆಕ್ಸಿ ಕ್ಯಾಪ್‌ಗೆ ಯಾವ ಗಾತ್ರದ ಕಂಪನಿಯಲ್ಲಾದರೂ ಹೂಡುವ ಸ್ವಾತಂತ್ರ್ಯವಿದ್ದರೂ ಅನೇಕ ವ್ಯವಸ್ಥಾಪಕರು ದೊಡ್ಡ ಕಂಪನಿಗಳನ್ನೇ ನೆಚ್ಚುತ್ತಾರೆ.

ಪರೀಕ್ಷೆ ಸುಲಭ. ಫಂಡ್ ಸಂಸ್ಥೆಯ ಜಾಲತಾಣದಲ್ಲಿ ತಿಂಗಳ ಪೋರ್ಟ್‌ಫೋಲಿಯೊ ಪಟ್ಟಿ ಸಿಗುತ್ತದೆ. ಎರಡು ಫಂಡ್‌ಗಳ ಒಂದೇ ತಿಂಗಳ ಪಟ್ಟಿಯನ್ನು ಪಕ್ಕಪಕ್ಕ ಇಡಿ. ಎರಡರಲ್ಲೂ ಇರುವ ಪ್ರತಿ ಷೇರಿಗೆ ಕಡಿಮೆ ಇರುವ ಪಾಲನ್ನು ಬರೆದುಕೊಳ್ಳಿ. ಉದಾಹರಣೆಗೆ, ಒಂದು ಬ್ಯಾಂಕಿನ ಷೇರು ಮೊದಲ ಫಂಡ್‌ನಲ್ಲಿ ಶೇ 9, ಎರಡನೆಯದರಲ್ಲಿ ಶೇ 7 ಇದ್ದರೆ 7 ಬರೆಯಿರಿ. ತೈಲ ಕಂಪನಿ 6 ಮತ್ತು 8 ಇದ್ದರೆ 6. ಇಲ್ಲಿಗೆ 13. ಹೀಗೆ ಪಟ್ಟಿಯ ಕೊನೆಯವರೆಗೂ ಕೂಡಿದರೆ ಬರುವ ಮೊತ್ತವೇ ಅತಿವ್ಯಾಪ್ತಿ. ಮೊದಲ ಹತ್ತು ಷೇರಿಗೇ ನಿಲ್ಲಿಸಿದರೆ ಲೆಕ್ಕ ಕಡಿಮೆ ಬರುತ್ತದೆ. ಮೊತ್ತ 50 ದಾಟಿದರೆ ಎರಡರಲ್ಲಿ ಒಂದು ಸಾಕು ಎಂಬುದು ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆ: ಒಂದು ಫಂಡ್‌ನಲ್ಲಿ ಒಂದು ಬ್ಯಾಂಕ್, ಇನ್ನೊಂದರಲ್ಲಿ ಬೇರೆ ಬ್ಯಾಂಕ್ ಇದ್ದರೆ ಆ ಷೇರುಗಳಿಗೆ ಈ ಲೆಕ್ಕ ಸೊನ್ನೆ ತೋರಿಸುತ್ತದೆ, ಆದರೆ ಬ್ಯಾಂಕ್ ಷೇರು ಕುಸಿದಾಗ ಎರಡೂ ಕುಸಿಯಬಹುದು. ಆದ್ದರಿಂದ ಅದೇ ಪಟ್ಟಿಯಲ್ಲಿ ವಲಯವಾರು ಪಾಲನ್ನೂ ನೋಡಿ.