ಆಫರ್ ಬಂದ ಮಾತ್ರಕ್ಕೆ ಐಪಿ ನಮ್ಮದಲ್ಲ

“ಸಂಪಾದಕರಿಗೆ ನಮಸ್ಕಾರ. ನಾನು ಡಿಪ್ಲೊಮಾ ಕೊನೆಯ ವರ್ಷದ ವಿದ್ಯಾರ್ಥಿ. ನೆಟ್‌ವರ್ಕಿಗೆ ಸೇರುವ ಸಾಧನಗಳಿಗೆ ತಾನಾಗಿಯೇ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಬಗ್ಗೆ ಹೊಸಬರಿಗೆ ಅರ್ಥವಾಗುವ ಹಾಗೆ ಲೇಖನ ಬರೆದು ಕಳಿಸಿದ್ದೇನೆ. ಡಿಸ್ಕವರ್, ಆಫರ್, ರಿಕ್ವೆಸ್ಟ್, ಅಕ್ನಾಲೆಜ್‌ಮೆಂಟ್ ಎಂಬ ನಾಲ್ಕೂ ಹೆಜ್ಜೆಗಳನ್ನು ಲಾಡ್ಜಿನಲ್ಲಿ ರೂಮು ಕೇಳುವ ಕಥೆಯಾಗಿ ಹೇಳಿದ್ದೇನೆ. ಓದಿದ ಗೆಳೆಯರು ‘ಆಫರ್‌ನಲ್ಲೇ ಐಪಿ ಸಿಕ್ಕಿತಲ್ಲ, ಮತ್ತೆ ರಿಕ್ವೆಸ್ಟ್ ಯಾಕೆ?’ ಅಂತ ಕೇಳಿದರು. ಅದು ಬರೀ ಔಪಚಾರಿಕ ಅಂದೆ. ಲೇಖನ ಪ್ರಕಟಣೆಗೆ ಸರಿಹೋಗುತ್ತದಾ? ಇಲ್ಲದಿದ್ದರೆ ಎಲ್ಲಿ ತಿದ್ದಬೇಕು, ದಯವಿಟ್ಟು ನೇರವಾಗಿ ತಿಳಿಸಿ.”

ನಮಸ್ಕಾರ.

ಈಗಿರುವ ರೂಪದಲ್ಲಿ ಲೇಖನವನ್ನು ಹಾಕಲು ಆಗುವುದಿಲ್ಲ. ನಿಮ್ಮ ವಾಕ್ಯಗಳು ಚಿಕ್ಕವಾಗಿವೆ, ಓದಲು ಸಲೀಸಾಗಿವೆ. ಅದರಲ್ಲಿ ತಕರಾರಿಲ್ಲ. ಆದರೆ ನಿಮ್ಮ ಗೆಳೆಯರು ಕೇಳಿದ್ದು ಇಡೀ ಲೇಖನದ ಮುಖ್ಯ ಪ್ರಶ್ನೆ. ನೀವು ಅದನ್ನು ಒಂದೇ ಪದದಲ್ಲಿ ತಳ್ಳಿಹಾಕಿದ್ದೀರಿ. ನಾಲ್ಕು ಸಂದೇಶಗಳಲ್ಲಿ ಅತಿ ಮುಖ್ಯವಾದ ಕೆಲಸ ಮಾಡುವುದೇ ರಿಕ್ವೆಸ್ಟ್.

ನೀವು ದಾರಿ ತಪ್ಪಿದ್ದು ಲಾಡ್ಜಿನ ಕಥೆಯಿಂದ. ಲಾಡ್ಜಿನಲ್ಲಿ ಕೌಂಟರ್ ಒಂದೇ ಇರುತ್ತದೆ. ಅದು ಎಲ್ಲಿದೆ ಅಂತ ಹೋದವರಿಗೆ ಗೊತ್ತಿರುತ್ತದೆ. ‘12ನೇ ನಂಬರ್ ರೂಮು ಇದೆ’ ಅಂದರೆ ಮಾತು ಮುಗಿಯಿತು. ಈಗಷ್ಟೇ ವೈಫೈಗೆ ಸೇರಿದ ಲ್ಯಾಪ್‌ಟಾಪ್‌ನ ಸ್ಥಿತಿ ಹಾಗಿಲ್ಲ. ಸರ್ವರ್ ಎಲ್ಲಿದೆ, ಒಂದಿದೆಯೋ ಎರಡಿವೆಯೋ, ಅಸಲಿಗೆ ಇದೆಯೋ ಇಲ್ಲವೋ, ಏನೂ ಅದಕ್ಕೆ ಗೊತ್ತಿರುವುದಿಲ್ಲ. ಆ ಕಥೆಯನ್ನು ಪೂರ್ತಿ ತೆಗೆದುಬಿಡಿ. ಅದರ ಜಾಗಕ್ಕೆ ಎರಡು ಸರ್ವರ್ ಇರುವ ಒಂದು ನೆಟ್‌ವರ್ಕ್ ತನ್ನಿ. ರಿಕ್ವೆಸ್ಟ್ ಯಾಕೆ ಬೇಕು ಅನ್ನುವುದು ತಾನಾಗಿಯೇ ಕಾಣುತ್ತದೆ.

ಇಂಥ ನೆಟ್‌ವರ್ಕ್ ಹುಡುಕಲು ದೂರ ಹೋಗಬೇಕಾಗಿಲ್ಲ. ಒಂದು ಮನೆಯ ಕೆಳಗಿನ ಮಹಡಿಯಲ್ಲಿ ಇಂಟರ್ನೆಟ್ ಬರುವ ರೌಟರ್ ಇದೆ ಅಂತಿಟ್ಟುಕೊಳ್ಳಿ. ಅದರ ವಿಳಾಸ 192.168.1.1. ಮೇಲಿನ ಮಹಡಿಯಲ್ಲಿ ಸಿಗ್ನಲ್ ಸಾಲದು ಅಂತ ಯಾರೋ ಅಟ್ಟದಲ್ಲಿದ್ದ ಹಳೆಯ ರೌಟರ್ ತಂದು, ಲ್ಯಾನ್ ಪೋರ್ಟಿನಿಂದ ಲ್ಯಾನ್ ಪೋರ್ಟಿಗೆ ಕೇಬಲ್ ಹಾಕಿದರು. ಹಳೆಯದರ ವಿಳಾಸ 192.168.0.1. ಅದರೊಳಗಿನ ಡಿಎಚ್‌ಸಿಪಿ ಸರ್ವರ್ ಆನ್ ಆಗಿಯೇ ಇದೆ. ಅದನ್ನು ಆಫ್ ಮಾಡಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಈಗ ಒಂದು ಲ್ಯಾಪ್‌ಟಾಪ್ ಬಂತು. ವೈಫೈ ಪಾಸ್‌ವರ್ಡ್ ಹಂತ ದಾಟಿ ಆಯಿತು. ಡಿಎಚ್‌ಸಿಪಿ ಶುರುವಾಗುವುದೇ ಅಲ್ಲಿಂದ. ನಿಮ್ಮ ಲೇಖನದಲ್ಲಿ ಪಾಸ್‌ವರ್ಡೂ ಐಪಿಯೂ ಒಂದೇ ಹಂತದಲ್ಲಿ ಬರುವ ಹಾಗೆ ಕಾಣುತ್ತದೆ. ಅವೆರಡನ್ನೂ ಬೇರೆ ಮಾಡಿ.

ಮೊದಲು ಡಿಸ್ಕವರ್. ಲ್ಯಾಪ್‌ಟಾಪ್‌ಗೆ ಇನ್ನೂ ವಿಳಾಸ ಇಲ್ಲ. ಹಾಗಾಗಿ ಕಳಿಸಿದವರ ಜಾಗದಲ್ಲಿ 0.0.0.0 ಇರುತ್ತದೆ. ಯಾರಿಗೆ ಅನ್ನುವ ಜಾಗದಲ್ಲಿ 255.255.255.255, ಅಂದರೆ ಈ ನೆಟ್‌ವರ್ಕಿನಲ್ಲಿರುವ ಎಲ್ಲರಿಗೂ. ಯುಡಿಪಿಯ 68ನೇ ಪೋರ್ಟಿನಿಂದ ಹೊರಟು 67ನೇ ಪೋರ್ಟಿಗೆ ಹೋಗುತ್ತದೆ. ಒಳಗೆ ಲ್ಯಾಪ್‌ಟಾಪಿನ ಮ್ಯಾಕ್ ವಿಳಾಸ, ಅಂದರೆ ಅದರ ನೆಟ್‌ವರ್ಕ್ ಕಾರ್ಡಿನ ಗುರುತು ಸಂಖ್ಯೆ ಇರುತ್ತದೆ, ಜೊತೆಗೆ ಅದು ಸುಮ್ನೆ ಆರಿಸಿಕೊಂಡ ಒಂದು ವ್ಯವಹಾರ ಸಂಖ್ಯೆ ಇರುತ್ತದೆ. ಈ ಸಂಖ್ಯೆಯ ಬಗ್ಗೆ ನೀವು ಒಂದು ಮಾತೂ ಬರೆದಿಲ್ಲ. ಅದಿಲ್ಲದೆ ಮುಂದಿನದು ಅರ್ಥವಾಗುವುದಿಲ್ಲ.

ಎರಡನೆಯದು ಆಫರ್. ಡಿಸ್ಕವರ್ ಎರಡೂ ರೌಟರ್‌ಗಳಿಗೆ ತಲುಪಿತು. ಎರಡೂ ಉತ್ತರಿಸುತ್ತವೆ. ಕೆಳಗಿನದು 192.168.1.37 ಕೊಡುತ್ತೇನೆ, ಹೊರಗೆ ಹೋಗುವ ದಾರಿಯಾದ ಗೇಟ್‌ವೇ 192.168.1.1, ಅವಧಿ 24 ಗಂಟೆ ಅನ್ನುತ್ತದೆ. ಮೇಲಿನದು 192.168.0.105 ಕೊಡುತ್ತೇನೆ, ಗೇಟ್‌ವೇ 192.168.0.1 ಅನ್ನುತ್ತದೆ. ಇಲ್ಲಿ ನೀವು ‘ಸರ್ವರ್ ಆಫರ್ ಅನ್ನು ಲ್ಯಾಪ್‌ಟಾಪಿನ ಐಪಿಗೆ ಕಳಿಸುತ್ತದೆ’ ಅಂತ ಬರೆದಿದ್ದೀರಿ. ಯಾವ ಐಪಿಗೆ? ಅದಕ್ಕೆ ಐಪಿ ಇಲ್ಲ ಅಂತ ತಾನೇ ಇಷ್ಟೆಲ್ಲ ನಡೆಯುತ್ತಿರುವುದು! ಸಾಮಾನ್ಯವಾಗಿ ಆಫರ್ ಹೋಗುವುದು ಲ್ಯಾಪ್‌ಟಾಪಿನ ಮ್ಯಾಕ್ ವಿಳಾಸಕ್ಕೆ. ಹಾಗೆ ಬಂದದ್ದನ್ನು ತೆಗೆದುಕೊಳ್ಳಲಾಗದ ಸಾಧನಗಳು ಡಿಸ್ಕವರ್‌ನಲ್ಲೇ ಒಂದು ಗುರುತು ಹಾಕಿರುತ್ತವೆ. ಆಗ ಆಫರ್ ಕೂಡ ಎಲ್ಲರಿಗೂ ಹೋಗುತ್ತದೆ. ಬಂದ ಉತ್ತರ ತನ್ನ ಪ್ರಶ್ನೆಗೇ ಬಂದದ್ದು ಅಂತ ಲ್ಯಾಪ್‌ಟಾಪ್ ಗುರುತಿಸುವುದು ಆ ವ್ಯವಹಾರ ಸಂಖ್ಯೆಯಿಂದ.

ಈ ಹೊತ್ತಿನಲ್ಲಿ ಲ್ಯಾಪ್‌ಟಾಪಿನ ಮುಂದೆ ಎರಡು ವಿಳಾಸಗಳಿವೆ. ಎರಡೂ ಅದರದ್ದಲ್ಲ. ಎರಡು ರೌಟರ್‌ಗಳೂ ಸಾಮಾನ್ಯವಾಗಿ ತಮ್ಮ ತಮ್ಮ ವಿಳಾಸವನ್ನು ಸ್ವಲ್ಪ ಹೊತ್ತು ಬೇರೆಯವರಿಗೆ ಕೊಡದೆ ತಡೆದಿಟ್ಟಿರುತ್ತವೆ. ಯಾವುದು ಬೇಕು ಅಂತ ಲ್ಯಾಪ್‌ಟಾಪ್ ಹೇಳಬೇಕು. ಬೇಡವಾದ ರೌಟರ್‌ಗೂ ಬೇಡ ಅನ್ನುವುದು ಗೊತ್ತಾಗಬೇಕು.

ಇವೆರಡೂ ಕೆಲಸಗಳನ್ನು ರಿಕ್ವೆಸ್ಟ್ ಒಂದೇ ಸಂದೇಶದಲ್ಲಿ ಮಾಡುತ್ತದೆ. ಸಾಮಾನ್ಯವಾಗಿ ಮೊದಲು ಬಂದ ಆಫರ್ ಅನ್ನೇ ಲ್ಯಾಪ್‌ಟಾಪ್ ಆರಿಸಿಕೊಳ್ಳುತ್ತದೆ. ಇಲ್ಲಿ ಮೇಲಿನ ರೌಟರ್‌ನದು ಮೊದಲು ಬಂತು ಅಂತಿಟ್ಟುಕೊಳ್ಳಿ. ಆರಿಸಿಕೊಂಡ ಸರ್ವರ್‌ನ ವಿಳಾಸ ಈಗ ಅದಕ್ಕೆ ಗೊತ್ತು. ಆದರೂ ರಿಕ್ವೆಸ್ಟ್ ಅನ್ನು ಮತ್ತೆ 0.0.0.0ಯಿಂದ 255.255.255.255ಗೇ ಕಳಿಸುತ್ತದೆ, ಅಂದರೆ ಎಲ್ಲರಿಗೂ. ಅದರಲ್ಲಿ ‘ನನಗೆ 192.168.0.105 ಬೇಕು’ ಅಂತ ಇರುತ್ತದೆ, ‘ಆರಿಸಿಕೊಂಡ ಸರ್ವರ್ 192.168.0.1’ ಅಂತಲೂ ಇರುತ್ತದೆ. ಕೆಳಗಿನ ರೌಟರ್ ಅದನ್ನು ಓದಿ, ಹೆಸರು ತನ್ನದಲ್ಲ ಅಂತ ನೋಡಿ, ತಡೆದಿಟ್ಟ 192.168.1.37 ಅನ್ನು ಪಟ್ಟಿಗೆ ವಾಪಸು ಸೇರಿಸುತ್ತದೆ. ರಿಕ್ವೆಸ್ಟ್ ಒಬ್ಬರಿಗೇ ಹೋಗಿದ್ದರೆ ಇದು ಗೊತ್ತಾಗುತ್ತಿರಲಿಲ್ಲ. ನಿಮ್ಮ ಗೆಳೆಯರಿಗೆ ಕೊಡಬೇಕಾಗಿದ್ದ ಉತ್ತರ ಇದು. ಲೇಖನದಲ್ಲಿ ಇದಕ್ಕೆ ಕನಿಷ್ಠ ಎರಡು ಪ್ಯಾರಾ ಕೊಡಿ.

ಅಕ್ನಾಲೆಜ್‌ಮೆಂಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆರಿಸಿಕೊಂಡ ಸರ್ವರ್ ತನ್ನ ಪಟ್ಟಿಯಲ್ಲಿ ಬರೆದುಕೊಂಡು ಒಪ್ಪಿಗೆ ಕಳಿಸುತ್ತದೆ. ಲೀಸ್, ಅಂದರೆ ಆ ವಿಳಾಸವನ್ನು ಬಳಸಬಹುದಾದ ಅವಧಿ, ಶುರುವಾಗುವುದು ಆಗಲೇ. ಆ ವಿಳಾಸವನ್ನು ಬೇರೆ ಯಾರೂ ಬಳಸುತ್ತಿಲ್ಲ ತಾನೇ ಅಂತ ಲ್ಯಾಪ್‌ಟಾಪ್ ಒಮ್ಮೆ, ‘ಈ ಐಪಿ ಯಾರದ್ದು?’ ಅಂತ ನೆಟ್‌ವರ್ಕಿನಲ್ಲಿ ಕೇಳುವ ಎಆರ್‌ಪಿ ಮೂಲಕ ನೋಡಬೇಕು. ಯಾರೋ ಬಳಸುತ್ತಿದ್ದರೆ ಸರ್ವರ್‌ಗೆ ಡಿಕ್ಲೈನ್ ಕಳಿಸಿ ಮೊದಲಿಂದ ಶುರುಮಾಡುತ್ತದೆ.

ಈಗ ನಮ್ಮ ಲ್ಯಾಪ್‌ಟಾಪ್‌ಗೆ ಏನಾಯಿತು ನೋಡಿ. ನಾಲ್ಕೂ ಹೆಜ್ಜೆ ಸರಿಯಾಗಿ ಮುಗಿದವು. ವೈಫೈ ಗೆರೆಗಳೆಲ್ಲ ತುಂಬಿವೆ. ಆದರೆ ಇಂಟರ್ನೆಟ್ ಇಲ್ಲ! ಯಾಕಂದರೆ ಗೇಟ್‌ವೇ ಅಂತ ಸಿಕ್ಕ ಹಳೆಯ ರೌಟರ್‌ನ ವ್ಯಾನ್ ಪೋರ್ಟಿಗೆ, ಅಂದರೆ ಇಂಟರ್ನೆಟ್ ಒಳಬರುವ ಪೋರ್ಟಿಗೆ, ಏನನ್ನೂ ಸಿಕ್ಕಿಸಿಲ್ಲ. ವಿಂಡೋಸ್‌ನಲ್ಲಿ `ipconfig /all` ಕೊಟ್ಟರೆ ಬರುವ ಉದ್ದನೆಯ ಉತ್ತರದಲ್ಲಿ ಈ ಮೂರು ಸಾಲು ನೋಡಿದರೆ ಸಾಕು:

```
IPv4 Address. . . . . : 192.168.0.105
Default Gateway . . . : 192.168.0.1
DHCP Server . . . . . : 192.168.0.1
```

ಕೊನೆಯ ಸಾಲು ಯಾರ ಆಫರ್ ಗೆದ್ದಿತು ಅಂತ ಹೇಳುತ್ತದೆ. ಅಲ್ಲಿ 192.168.1.1 ಇರಬೇಕಿತ್ತು. ಈ ತೊಂದರೆ ಒಂದೇ ರೀತಿ ಇರುವುದಿಲ್ಲ, ಅದೇ ಜನರಿಗೆ ತಲೆನೋವು. ಮನೆಯ ಒಂದು ಫೋನಿಗೆ ಕೆಳಗಿನ ರೌಟರ್‌ನ ಆಫರ್ ಮೊದಲು ಬಂದಿರಬಹುದು. ಅದರಲ್ಲಿ ಎಲ್ಲ ಸರಿಯಿರುತ್ತದೆ. ‘ನಿನ್ನ ಲ್ಯಾಪ್‌ಟಾಪೇ ಹಾಳು’ ಅಂತ ಮನೆಯವರು ತೀರ್ಪು ಕೊಡುತ್ತಾರೆ. ಪರಿಹಾರ ಸುಲಭ. ಹಳೆಯ ರೌಟರ್‌ನ ಸೆಟ್ಟಿಂಗ್ಸ್‌ನಲ್ಲಿ ಡಿಎಚ್‌ಸಿಪಿ ಸರ್ವರ್ ಆಫ್ ಮಾಡಿ, ಅದಕ್ಕೆ 192.168.1.2ರಂಥ ಒಂದು ವಿಳಾಸ ಕೊಡಬೇಕು. ಕೆಳಗಿನ ರೌಟರ್ ಹಂಚುವ ಪಟ್ಟಿಯಲ್ಲಿ ಆ ವಿಳಾಸ ಇರಬಾರದು. ಆಮೇಲೆ ಲ್ಯಾಪ್‌ಟಾಪಿನಲ್ಲಿ ಇಷ್ಟು:

```
ipconfig /release
ipconfig /renew
```

ಇದರ ಪಕ್ಕದಲ್ಲೇ 169.254ರ ವಿಷಯ ಇಡಿ. ನೀವು ಅದನ್ನು ‘ತಪ್ಪು ಐಪಿ’ ಅಂದು ಮುಂದೆ ಹೋಗಿದ್ದೀರಿ. 169.254ರಿಂದ ಶುರುವಾಗುವ ವಿಳಾಸವನ್ನು ಯಾವ ಸರ್ವರೂ ಕೊಟ್ಟಿರುವುದಿಲ್ಲ. ಡಿಸ್ಕವರ್ ಮತ್ತೆ ಮತ್ತೆ ಕಳಿಸಿಯೂ ಉತ್ತರ ಬರದಾಗ ವಿಂಡೋಸ್ ತಾನೇ ಹಾಕಿಕೊಳ್ಳುವ ವಿಳಾಸ ಅದು. ಅಂದರೆ 169.254 ಕಂಡರೆ ಯಾರೂ ಉತ್ತರಿಸಿಲ್ಲ, 192.168.0.105 ಕಂಡರೆ ಬೇರೆ ಯಾರೋ ಉತ್ತರಿಸಿದ್ದಾರೆ. ಮೊದಲನೆಯದಕ್ಕೆ ಸರ್ವರ್ ನಿಂತಿದೆಯಾ, ಕೇಬಲ್ ಕಳಚಿದೆಯಾ ಅಂತ ನೋಡಬೇಕು. ಎರಡನೆಯದಕ್ಕೆ ಹೆಚ್ಚುವರಿ ಸರ್ವರ್ ಹುಡುಕಬೇಕು.

ಇನ್ನು ಲೀಸ್ ಅವಧಿ. ‘24 ಗಂಟೆ ಮುಗಿದ ಮೇಲೆ ಸಾಧನ ಮತ್ತೆ ಡಿಸ್ಕವರ್ ಕಳಿಸುತ್ತದೆ’ ಅನ್ನುವ ನಿಮ್ಮ ವಾಕ್ಯ ತಪ್ಪು. ಹಾಗಿದ್ದಿದ್ದರೆ ದಿನಕ್ಕೊಮ್ಮೆ ಎಲ್ಲರ ವಿಡಿಯೊ ಕಾಲ್ ಕಡಿದುಹೋಗುತ್ತಿತ್ತು. ಸರ್ವರ್ ಬೇರೆ ಹೇಳದಿದ್ದರೆ ಅರ್ಧ ಅವಧಿಗೆ, ಅಂದರೆ 12ನೇ ಗಂಟೆಗೇ, ಸಾಧನ ತನಗೆ ಐಪಿ ಕೊಟ್ಟ ಸರ್ವರ್‌ಗೆ ನೇರವಾಗಿ ರಿಕ್ವೆಸ್ಟ್ ಕಳಿಸುತ್ತದೆ. ಈ ಸಲ ಅದಕ್ಕೆ ವಿಳಾಸ ಇದೆ, ಎಲ್ಲರಿಗೂ ಕಳಿಸುವ ಅಗತ್ಯವಿಲ್ಲ. ಅಕ್ನಾಲೆಜ್‌ಮೆಂಟ್ ಬಂದರೆ 24 ಗಂಟೆ ಹೊಸದಾಗಿ ಎಣಿಕೆಯಾಗುತ್ತದೆ. ಡಿಸ್ಕವರೂ ಇಲ್ಲ, ಆಫರೂ ಇಲ್ಲ. ಉತ್ತರ ಬರದಿದ್ದರೆ ನಡುನಡುವೆ ಮತ್ತೆ ಕೇಳುತ್ತದೆ. 21ನೇ ಗಂಟೆಗೆ ಯಾವ ಸರ್ವರ್ ಆದರೂ ಸರಿ ಅಂತ ಎಲ್ಲರಿಗೂ ಕೇಳುತ್ತದೆ. 24 ತುಂಬಿಯೂ ಯಾರೂ ಒಪ್ಪದಿದ್ದರೆ ವಿಳಾಸ ಬಿಟ್ಟುಕೊಡಲೇಬೇಕು. ಡಿಸ್ಕವರ್ ಮತ್ತೆ ಬರುವುದು ಆಗ.

ಮೊದಲೆರಡು ಹೆಜ್ಜೆ ಇಲ್ಲದ ಇನ್ನೊಂದು ಸಂದರ್ಭವೂ ಇದೆ. ಸಂಜೆ ಮನೆಗೆ ಬಂದ ಫೋನು ಬೆಳಿಗ್ಗೆಯ ವಿಳಾಸ ನೆನಪಿಟ್ಟುಕೊಂಡು ನೇರವಾಗಿ ರಿಕ್ವೆಸ್ಟ್‌ನಿಂದ ಶುರುಮಾಡಬಹುದು. ಸರ್ವರ್ ಒಪ್ಪಿದರೆ ಎರಡೇ ಸಂದೇಶದಲ್ಲಿ ಕೆಲಸ ಮುಗಿಯಿತು. ಆ ವಿಳಾಸ ಈ ನೆಟ್‌ವರ್ಕಿಗೆ ಸೇರಿದ್ದಲ್ಲ ಅಂತಾದರೆ ಸರ್ವರ್ ನಿರಾಕರಣೆ ಕಳಿಸುತ್ತದೆ. ಅದರ ಹೆಸರು `DHCPNAK`. ಆಗ ಫೋನು ಡಿಸ್ಕವರ್‌ಗೆ ಮರಳುತ್ತದೆ.

ತೆಗೆಯಬೇಕಾದದ್ದು ಎರಡಿವೆ. ಐಪಿವಿ6 ಪ್ಯಾರಾ ಬೇಡ. ಅಲ್ಲಿ ಸಂದೇಶಗಳ ಹೆಸರೇ ಬೇರೆ, ಹೊಸಬರು ಗಲಿಬಿಲಿಗೊಳ್ಳುತ್ತಾರೆ. ಇತಿಹಾಸದ ಅರ್ಧ ಪುಟವನ್ನು ಒಂದು ಸಾಲಿಗೆ ಇಳಿಸಿ: ಮೊದಲ ಮಾನದಂಡ ಬಂದದ್ದು 1993ರಲ್ಲಿ, ನಾವು ಇಂದಿಗೂ ಆಧಾರವಾಗಿ ಇಟ್ಟುಕೊಂಡಿರುವ `RFC 2131` ಬಂದದ್ದು 1997ರಲ್ಲಿ.

ಅದರ ಬದಲು ನೀವೇ ಹಿಡಿದ ಒಂದು ಚಿತ್ರ ಸೇರಿಸಿ. ನೆಟ್‌ವರ್ಕಿನಲ್ಲಿ ಓಡಾಡುವ ಸಂದೇಶಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್‌ನ ಫಿಲ್ಟರ್ ಜಾಗದಲ್ಲಿ `dhcp` ಅಂತ ಟೈಪ್ ಮಾಡಿ, ಮೇಲಿನ ಎರಡು ಕಮಾಂಡ್ ಓಡಿಸಿದರೆ ನಾಲ್ಕೂ ಸಾಲು ಒಂದರ ಕೆಳಗೊಂದು ಸಿಗುತ್ತವೆ. ರಿಲೀಸ್ ಸಂದೇಶವೂ ಮೊದಲು ಕಾಣುತ್ತದೆ, ಅದನ್ನು ಬಿಡಿ. ಐಪಿ ಕೇಳುತ್ತಿರುವ ಯಂತ್ರದಲ್ಲೇ ವೈರ್‌ಶಾರ್ಕ್ ತೆರೆದಿರಿ. ಪಕ್ಕದ ಇನ್ನೊಂದು ಕಂಪ್ಯೂಟರಿನಿಂದ ನೋಡಿದರೆ ಬಹಳ ಸಲ ಡಿಸ್ಕವರ್ ಮತ್ತು ರಿಕ್ವೆಸ್ಟ್ ಮಾತ್ರ ಕಾಣುತ್ತವೆ. ಅವೆರಡು ಎಲ್ಲರಿಗೂ ಹೋಗುವಂಥವು, ಉಳಿದೆರಡು ಹೋಗುವುದು ಕೇಳಿದವರ ಮ್ಯಾಕ್ ವಿಳಾಸಕ್ಕೆ. ಆಗುವುದಾದರೆ ಎರಡೂ ಕಡೆಯಿಂದ ಹಿಡಿದ ಚಿತ್ರ ಕಳಿಸಿ, ಅಕ್ಕಪಕ್ಕ ಹಾಕೋಣ.