ಕೊಟೇಶನ್ ಕಳಿಸಿದ ಮೇಲೆ ಸುದ್ದಿಯೇ ಇಲ್ಲ

"ಬದಿಯಡ್ಕದ ಹತ್ತಿರ ಒಂದು ಮನೆಯ ಟೆರೇಸಿಗೆ ಶೀಟ್ ಹಾಕಲು 1,85,000ದ ಕೊಟೇಶನ್ ವಾಟ್ಸಾಪಿನಲ್ಲಿ ಕಳಿಸಿ 12 ದಿನ ಆಯ್ತು. ನೀಲಿ ಟಿಕ್ ಬಿದ್ದಿದೆ, ಉತ್ತರ ಇಲ್ಲ. ಎರಡು ಸಲ 'ಏನಾಯ್ತು' ಅಂತ ಕೇಳಿದೆ. ಇನ್ನೂ ಕೇಳಿದರೆ ಕಿರಿಕಿರಿ ಆಗ್ತದಾ?"

ಅದೇ ಮಾತು ಕೇಳಿದರೆ ಖಂಡಿತ ಆಗ್ತದೆ. 'ಏನಾಯ್ತು' ಅಂದರೆ ಅವರು ತೀರ್ಮಾನ ಹೇಳಬೇಕು. ತೀರ್ಮಾನ ಆಗಿರದಿದ್ದರೆ ಮುಜುಗರ, ಅದಕ್ಕೇ ಮೌನ. ಈ ಸಲ ಹೋಗುವಾಗ ಕೈಯಲ್ಲಿ ಏನಾದರೂ ಹೊಸ ವಿಷಯ ಇರಲಿ.

ನಿಮಗೆ ಅದು ಸಿದ್ಧವಾಗಿಯೇ ಇದೆ: ಕಬ್ಬಿಣದ ಪೈಪಿನ ರೇಟು. ಅಂಗಡಿಗೆ ಫೋನ್ ಮಾಡಿ ನಿಜವಾಗಿ ವಿಚಾರಿಸಿ, ಆಮೇಲೆ ಹೀಗೆ ಬರೆಯಿರಿ:

"ಅಣ್ಣ, ನಮಸ್ಕಾರ. ಕೊಟೇಶನಿನಲ್ಲಿ ಹಾಕಿದ ಪೈಪಿನ ರೇಟು ಶನಿವಾರದವರೆಗೆ ಇರ್ತದಂತೆ. ಕೆಲಸ ಮಳೆಗಾಲಕ್ಕೆ ಮೊದಲು ಬೇಕಾ, ಆಮೇಲೆ ಸಾಕಾ? ಸದ್ಯಕ್ಕೆ ಬೇಡ ಅಂತಿದ್ದರೂ ಬೇಜಾರಿಲ್ಲ, ಹೇಳಿ."

ಕೊನೆಯ ಸಾಲು ಬಿಡಬೇಡಿ. 'ಬೇಡ' ಅನ್ನಲು ದಾರಿ ಇದ್ದರೆ ಜನ ಬಾಯಿ ಬಿಡ್ತಾರೆ. ನಾನು ಹೀಗೇ ಕೇಳಿದ ಮೇಲೆ ಒಬ್ಬರು, "ಮಗ ಗಲ್ಫಿನಿಂದ ಬರಬೇಕು, ಅವನೇ ನೋಡುವುದು" ಅಂದರು. ರೇಟಿನ ತಕರಾರೇ ಅಲ್ಲ! ನಾನು ಸುಮ್ಮನೆ 8,000 ಇಳಿಸಲು ಹೊರಟಿದ್ದೆ. ಕೇಳದೆ ರೇಟು ಇಳಿಸಿದರೆ ಮೊದಲು ಜಾಸ್ತಿ ಹಾಕಿದ್ದ ಅಂತ ಅಂದುಕೊಳ್ತಾರೆ.

ಶನಿವಾರ ದಾಟಿದರೆ ಒಂದೇ ಫೋನ್, ಸಂಜೆ ಹೊತ್ತಿಗೆ. ಎತ್ತದಿದ್ದರೆ "ಈ ರೇಟು ಮುಗಿಯಿತು, ಬೇಕಾದಾಗ ಹೊಸದು ಕೊಡ್ತೇನೆ" ಅಂತ ಬರೆದು ಬಿಟ್ಟುಬಿಡಿ. ಮುಂದಿನ ಕೊಟೇಶನಿನಲ್ಲಿ '15 ದಿನ ಮಾತ್ರ' ಅಂತ ಕೆಳಗೆ ಹಾಕಿ.