ಬಾಣಂತಿಯ ಮನೆಗೆ ನರ್ಸ್ ಹೋದರೆ ಇಪ್ಪತ್ತು ವರ್ಷದ ಮೇಲೆ ಅಪರಾಧ ಕಡಿಮೆ ಆಗುತ್ತಾ?

ಪ್ರಶ್ನೆ: ಚಿಕ್ಕ ಮಕ್ಕಳಿರೋ ಬಡ ಕುಟುಂಬಗಳಿಗೆ ಮೊದಲೇ ಸಹಾಯ ಮಾಡಿದರೆ ಆ ಮಕ್ಕಳು ದೊಡ್ಡವರಾದಾಗ ಅಪರಾಧ ಮಾಡೋದು ಕಡಿಮೆ ಅಂತಾರೆ. ಕೇಳೋಕೆ ಚೆನ್ನಾಗಿದೆ, ಆದರೆ ಯಾರಾದರೂ ನಿಜವಾಗಿ ಅಷ್ಟು ವರ್ಷ ಕಾದು ನೋಡಿದ್ದಾರಾ?

ನೋಡಿದ್ದಾರೆ. ಇಂಥ ಯೋಜನೆಗಳ ಲೆಕ್ಕ ಓದಿ ವರದಿ ಬರೆಯೋದೇ ನನ್ನ ಕೆಲಸ. ಇದರಲ್ಲಿ ನಾನು ಮತ್ತೆ ಮತ್ತೆ ತೆಗೆದು ನೋಡುವ ಅಧ್ಯಯನ ಅಮೆರಿಕದ ಎಲ್ಮೈರಾ ಊರಿನದು. ಬಡ ಮಕ್ಕಳನ್ನು ಶಾಲೆಗೂ ಮುಂಚೆ ಕಲಿಸಿ, ದೊಡ್ಡವರಾಗುವವರೆಗೆ ಗಮನಿಸಿದ ಅಮೆರಿಕದ ಪೆರ್ರಿ ಶಿಶುವಿಹಾರದ ಕಥೆ ಎಲ್ಲರೂ ಹೇಳುವಂಥದ್ದು, ಅದನ್ನು ನೀವು ಬೇರೆ ಕಡೆ ಓದಿಯೇ ಇರುತ್ತೀರಿ. ಎಲ್ಮೈರಾದ್ದು ಅಷ್ಟು ಸಲೀಸಾದ ಕಥೆ ಅಲ್ಲ, ಅದಕ್ಕೇ ಅದನ್ನು ಹೇಳುತ್ತೇನೆ.

ಎಲ್ಮೈರಾ ನ್ಯೂಯಾರ್ಕ್ ರಾಜ್ಯದ ಒಂದು ಸಣ್ಣ ಊರು. ಎಪ್ಪತ್ತರ ದಶಕದಲ್ಲಿ ಅಲ್ಲಿ ಬಡತನ ಜಾಸ್ತಿ ಇತ್ತು, ಮಕ್ಕಳ ಮೇಲಿನ ಹಿಂಸೆಯ ದೂರುಗಳೂ ಜಾಸ್ತಿ. ಡೇವಿಡ್ ಓಲ್ಡ್ಸ್ ಎಂಬ ಸಂಶೋಧಕ 1978ರಿಂದ 1980ರವರೆಗೆ 400 ಗರ್ಭಿಣಿಯರನ್ನು ಅಧ್ಯಯನಕ್ಕೆ ಸೇರಿಸಿಕೊಂಡರು. ಎಲ್ಲರಿಗೂ ಚೊಚ್ಚಲ ಬಸಿರು. ಬಹುತೇಕರು ಹದಿಹರೆಯದವರು, ಇಲ್ಲ ಮದುವೆಯಾಗದವರು, ಇಲ್ಲ ಬಡವರು. ಕೆಲವರು ಈ ಮೂರೂ ಆಗಿದ್ದರು. ಚೀಟಿ ಎತ್ತಿದ ಹಾಗೆ ಅವರನ್ನು ಗುಂಪುಗಳಾಗಿ ಹಂಚಿದರು. ಕೆಲವರಿಗೆ ಮಗುವಿನ ತಪಾಸಣೆ ಮತ್ತು ಆಸ್ಪತ್ರೆಗೆ ಹೋಗಿಬರಲು ವಾಹನ, ಅಷ್ಟೇ. ಕೆಲವರ ಮನೆಗೆ ಬಸಿರಿನಲ್ಲಿ ಮಾತ್ರ ನರ್ಸ್ ಬಂದರು. ಇನ್ನೊಂದು ಗುಂಪಿಗೆ ಮಗುವಿಗೆ ಎರಡು ವರ್ಷ ತುಂಬುವವರೆಗೂ ಬಂದರು. ಈ ಕೊನೆಯ ಗುಂಪಿನಲ್ಲಿದ್ದದ್ದು ನೂರಕ್ಕಿಂತ ಸ್ವಲ್ಪ ಹೆಚ್ಚು ತಾಯಂದಿರು. ಅವರ ಮನೆಗೆ ಸರಾಸರಿ ಬಸಿರಿನಲ್ಲಿ 9 ಸಲ, ಹೆರಿಗೆ ಆದಮೇಲೆ 23 ಸಲ ಭೇಟಿ ನಡೆಯಿತು. ಎರಡೂವರೆ ವರ್ಷದಲ್ಲಿ ಮೂವತ್ತೆರಡು ಭೇಟಿ. ಕೇಳಿದರೆ ಇಷ್ಟೇನಾ ಅನಿಸುತ್ತೆ, ಅಲ್ವಾ?

ಅಷ್ಟರಲ್ಲಿ ನರ್ಸ್ ಮಾಡುತ್ತಿದ್ದದ್ದೇನು? ಉಪದೇಶ ಅಂತೂ ಅಲ್ಲ. ಸಿಗರೇಟಿನ ವಿಷಯವನ್ನೇ ತೆಗೆದುಕೊಳ್ಳಿ. "ಬಿಟ್ಟುಬಿಡಮ್ಮ" ಅಂತ ಸುಮ್ನೆ ಹೇಳಿ ಬಂದರೆ ಯಾರೂ ಬಿಡುವುದಿಲ್ಲ. ದಿನದ ಯಾವ ಹೊತ್ತಿನಲ್ಲಿ ಸೇದಬೇಕು ಅನಿಸುತ್ತೆ, ಅದಕ್ಕೂ ಮುಂಚೆ ಏನಾಗಿರುತ್ತೆ ಅಂತ ಇಬ್ಬರೂ ಕೂತು ನೋಡಬೇಕು. ಮಗು ಬಂದಮೇಲೆ ಕೆಲಸ ಇನ್ನೂ ಸೂಕ್ಷ್ಮ. ಮೂರು ತಿಂಗಳ ಕೂಸು ಆಡುತ್ತಾ ಆಡುತ್ತಾ ಮುಖ ಆ ಕಡೆ ತಿರುಗಿಸುತ್ತೆ. ನಿದ್ದೆಗೆಟ್ಟ ಹದಿನೇಳರ ಹುಡುಗಿಗೆ ಅದು "ನನ್ನನ್ನು ಕಂಡರೆ ಇದಕ್ಕೆ ಆಗಲ್ಲ" ಅಂತ ಕಾಣುತ್ತೆ. ಪಕ್ಕದಲ್ಲೇ ಕೂತಿರುವ ನರ್ಸ್, "ಅದಕ್ಕೆ ಸಾಕಾಗಿದೆ, ಒಂದು ನಿಮಿಷ ಬಿಡು, ತಾನೇ ತಿರುಗುತ್ತೆ" ಅನ್ನುತ್ತಾರೆ. ಮಗು ತಿರುಗುತ್ತೆ. ಬೇಕಂತಲೇ ಹಟ ಮಾಡುತ್ತಿದೆ ಅಂತ ತಿಳಿದ ಮಗುವಿಗೆ ಏಟು ಬೀಳೋದು ಬೇಗ. ಸುಸ್ತಾಗಿದೆ ಅಂತ ತಿಳಿದ ಮಗುವಿಗೆ ಅಷ್ಟು ಬೇಗ ಬೀಳುವುದಿಲ್ಲ. ಇದರ ಜೊತೆ ಮುಂದಿನ ಮಗು ಯಾವಾಗ, ಓದು ಮುಗಿಸೋದು ಹೇಗೆ, ಕೆಲಸ ಎಲ್ಲಿ ಅನ್ನೋ ಮಾತುಗಳೂ ನಡೆಯುತ್ತಿದ್ದವು.

ಆಮೇಲೆ ಕಾದರು. ಮಕ್ಕಳಿಗೆ 15 ವರ್ಷ ಆದಾಗ ಮತ್ತೆ ಹುಡುಕಿಕೊಂಡು ಹೋದರು. 1998ರಲ್ಲಿ ಬಂದ ಫಲಿತಾಂಶ ಇದು. ಮದುವೆಯಾಗದ ಬಡ ತಾಯಂದಿರ ಮಕ್ಕಳಲ್ಲಿ, ನರ್ಸ್ ಎರಡು ವರ್ಷದವರೆಗೂ ಬಂದವರು ತಾವೇ ಹೇಳಿಕೊಂಡ ಪ್ರಕಾರ ತಲಾ ಸರಾಸರಿ 0.20 ಸಲ ಬಂಧನಕ್ಕೆ ಒಳಗಾಗಿದ್ದರು. ನರ್ಸ್ ಬರದವರಲ್ಲಿ ಇದು 0.45. ಅಂದರೆ ನೂರು ಮಕ್ಕಳಿಗೆ 20 ಬಂಧನ ಒಂದು ಕಡೆ, 45 ಇನ್ನೊಂದು ಕಡೆ. ಮನೆ ಬಿಟ್ಟು ಓಡಿಹೋದ ಸಂಖ್ಯೆಯೂ ಅರ್ಧಕ್ಕಿಂತ ಕಡಿಮೆ ಆಗಿತ್ತು.

ಕಾರಣ ಹುಡುಕೋದಕ್ಕೆ ಮಕ್ಕಳಿಗಿಂತ ತಾಯಂದಿರ ಲೆಕ್ಕ ಹೆಚ್ಚು ಉಪಯೋಗಕ್ಕೆ ಬರುತ್ತೆ ಅನ್ನೋದು ನನ್ನ ಅನಿಸಿಕೆ. ಇದೇ ಮದುವೆಯಾಗದ ಬಡ ತಾಯಂದಿರಲ್ಲಿ, ನರ್ಸ್ ಬಂದವರಿಗೆ ಎರಡನೇ ಮಗು ಸರಾಸರಿ 65 ತಿಂಗಳ ಅಂತರದಲ್ಲಿ ಹುಟ್ಟಿತ್ತು. ಉಳಿದವರಿಗೆ 37 ತಿಂಗಳಲ್ಲೇ. ಸರ್ಕಾರದ ನೆರವಿನ ಹಣದ ಮೇಲೆ ಬದುಕಿದ ಅವಧಿ ನರ್ಸ್ ಬಂದವರದು 60 ತಿಂಗಳು, ಉಳಿದವರದು 90. ಅಧಿಕಾರಿಗಳು ಖಚಿತಪಡಿಸಿದ ಮಕ್ಕಳ ಹಿಂಸೆ ಅಥವಾ ನಿರ್ಲಕ್ಷ್ಯದ ಪ್ರಕರಣಗಳು, ಬಡವರಷ್ಟೇ ಅಲ್ಲದೆ ಎಲ್ಲ ತಾಯಂದಿರನ್ನೂ ಸೇರಿಸಿ ನೋಡಿದರೆ, ನರ್ಸ್ ಬಂದವರಲ್ಲಿ ತಲಾ 0.29, ಉಳಿದವರಲ್ಲಿ 0.54. ನರ್ಸ್ ಯಾವ ಮಗುವಿಗೂ ಕದಿಯಬೇಡ ಅಂತ ಹೇಳಿರಲಿಲ್ಲ. ಆದರೆ ಅದು ಏಟು ತಿನ್ನದೆ, ಒಂದೇ ತೊಡೆಗೆ ಇಬ್ಬರು ಮೂವರು ಪೈಪೋಟಿ ಮಾಡದೆ, ಕೆಲಸಕ್ಕೆ ಹೋಗುವ ಅಮ್ಮನ ಜೊತೆ ಬೆಳೆಯಿತು.

ಇಲ್ಲಿವರೆಗೆ ಓದಿ ನಿಲ್ಲಿಸಿದರೆ ನೀವು ನಾನು ಮಾಡಿದ ತಪ್ಪನ್ನೇ ಮಾಡುತ್ತೀರಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಭೆಯಲ್ಲಿ ಈ 15ನೇ ವರ್ಷದ ಅಂಕಿಗಳನ್ನು ಹುಮ್ಮಸ್ಸಿನಿಂದ ಹೇಳಿ ಮುಗಿಸಿದ್ದೆ. ಹಿಂದಿನ ಸಾಲಿನಿಂದ ಒಬ್ಬರು ಮೆಲ್ಲಗೆ, "19ನೇ ವರ್ಷದ್ದೂ ಹೇಳಿ ಸಾರ್" ಅಂದರು. ನಾನು ಓದಿರಲಿಲ್ಲ.

ಅದು 2010ರಲ್ಲಿ ಬಂದಿತ್ತು. 19ರ ಹೊತ್ತಿಗೆ ಹುಡುಗಿಯರಲ್ಲಿ ವ್ಯತ್ಯಾಸ ದೊಡ್ಡದಾಗಿಯೇ ಉಳಿದಿತ್ತು. ನರ್ಸ್ ಬಂದ ಮನೆಯ ಹುಡುಗಿಯರಲ್ಲಿ ನೂರಕ್ಕೆ 10 ಮಂದಿ ಬಂಧನಕ್ಕೆ ಒಳಗಾಗಿದ್ದರೆ, ಉಳಿದವರಲ್ಲಿ ನೂರಕ್ಕೆ 30. ಹುಡುಗರಲ್ಲಿ? ಹೇಳಿಕೊಳ್ಳುವಂಥ ವ್ಯತ್ಯಾಸ ಏನೂ ಇರಲಿಲ್ಲ. ಜಗತ್ತಿನಲ್ಲಿ ಅಪರಾಧದ ಬಹುಪಾಲು ಮಾಡುವವರು ಗಂಡಸರೇ ಅನ್ನೋದನ್ನು ನೆನಪಿಟ್ಟುಕೊಂಡರೆ ಇದು ಸಣ್ಣ ಮಾತಲ್ಲ. ಹದಿನೈದಕ್ಕೆ ಕಂಡದ್ದು ಹತ್ತೊಂಬತ್ತಕ್ಕೆ ಯಾಕೆ ಕಾಣಲಿಲ್ಲ ಅನ್ನೋದಕ್ಕೆ ಹಲವು ಊಹೆಗಳಿವೆ. ನನಗೆ ಹೆಚ್ಚು ಒಪ್ಪಿಗೆಯಾಗುವುದು ಸಾದಾ ಕಾರಣ: ನೂರು ಚಿಲ್ಲರೆ ಮಕ್ಕಳನ್ನು ಹುಡುಗ, ಹುಡುಗಿ, ಬಡವ, ಬಡವನಲ್ಲ ಅಂತ ಒಡೆಯುತ್ತಾ ಹೋದರೆ ಪ್ರತಿ ಚೂರಿನಲ್ಲಿ ಉಳಿಯುವುದು ಕೆಲವೇ ಕೆಲವು ಜನ. ಅಲ್ಲಿ ನಾಲ್ಕೈದು ಹುಡುಗರು ಆ ಕಡೆ ಈ ಕಡೆ ಆದರೂ ಅಂಕಿ ಕುಣಿಯುತ್ತೆ. ಈ ಮಾತು ಹುಡುಗಿಯರ ಒಳ್ಳೆ ಫಲಿತಾಂಶಕ್ಕೂ ಅನ್ವಯಿಸುತ್ತೆ. ಅದನ್ನು ಮರೆತು ಒಂದು ಕಡೆ ಮಾತ್ರ ಅನುಮಾನ ಪಡುವ ಹಾಗಿಲ್ಲ.

ಇನ್ನೊಂದು ಮಿತಿ ಮನೆಯೊಳಗಿನ ಗಂಡಸಿನದು. ಎಲ್ಮೈರಾದ ತಾಯಂದಿರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಸಂಗಾತಿಯಿಂದ ಹಿಂಸೆ ಅನುಭವಿಸಿದ್ದರು. ಆ ಹದಿನೈದು ವರ್ಷಗಳಲ್ಲಿ 28ಕ್ಕಿಂತ ಹೆಚ್ಚು ಸಲ ಹಾಗಾಗಿದೆ ಅಂದ ಮನೆಗಳಲ್ಲಿ, ನರ್ಸ್ ಬಂದಿದ್ದರೂ ಮಕ್ಕಳ ಮೇಲಿನ ಹಿಂಸೆ ಕಡಿಮೆ ಆದದ್ದು ಕಾಣಲಿಲ್ಲ. ಇದು 2000ದಲ್ಲಿ ಪ್ರಕಟವಾಯಿತು. ಮಗುವಿನ ಮುಖ ಓದೋದನ್ನು ತಾಯಿಗೆ ಎಷ್ಟೇ ಚೆನ್ನಾಗಿ ಕಲಿಸಿದರೂ, ಬಾಗಿಲು ಒದ್ದು ಒಳಗೆ ಬರುವವನಿಗೆ ಆ ಪಾಠ ತಲುಪಿರುವುದಿಲ್ಲ.

ದುಡ್ಡಿನ ಲೆಕ್ಕ ಕೇಳುವವರಿಗೆ ಒಂದು ಮಾತು. 1998ರಲ್ಲಿ ರ‍್ಯಾಂಡ್ ಎಂಬ ಸಂಶೋಧನಾ ಸಂಸ್ಥೆ ಎಲ್ಮೈರಾದ ಖರ್ಚು ಉಳಿತಾಯ ತೂಗಿ ನೋಡಿತು. ಮದುವೆಯಾಗದ ಬಡ ತಾಯಂದಿರ ವಿಷಯದಲ್ಲಿ ಸರ್ಕಾರಕ್ಕೆ ಉಳಿದದ್ದು ಖರ್ಚಿನ ಸುಮಾರು ನಾಲ್ಕು ಪಟ್ಟು. ಅಷ್ಟು ಕಷ್ಟ ಇಲ್ಲದ ಕುಟುಂಬಗಳಲ್ಲಿ ಹಾಕಿದ ದುಡ್ಡೂ ಪೂರ್ತಿ ವಾಪಸ್ ಬರಲಿಲ್ಲ. ಅದೇ ನರ್ಸ್, ಅದೇ ಭೇಟಿ, ಊರೂ ಅದೇ. ಎಲ್ಲರಿಗೂ ಸಮನಾಗಿ ಹಂಚಬೇಕು ಅನ್ನೋದು ಕೇಳಲು ನ್ಯಾಯವಾಗಿಯೇ ಇದೆ, ಆದರೆ ಈ ನಿರ್ದಿಷ್ಟ ಕೆಲಸದಲ್ಲಿ ಲಾಭ ಇದ್ದದ್ದು ತೀರಾ ಕಷ್ಟದಲ್ಲಿದ್ದವರ ಮನೆಯಲ್ಲಿ.

ಹಾಗಂತ ಇದನ್ನು ಎಲ್ಲಿ ಬೇಕಾದರೂ ಎತ್ತಿ ನೆಡಬಹುದಾ? ಡೆನ್ವರ್‌ನಲ್ಲಿ ನಡೆದ ನಂತರದ ಪ್ರಯೋಗದಲ್ಲಿ ನರ್ಸ್ ಬದಲು ತರಬೇತಿ ಕೊಟ್ಟ ಸಾಮಾನ್ಯ ಕಾರ್ಯಕರ್ತೆಯರನ್ನೂ ಕಳಿಸಿ ನೋಡಿದರು. ಪರಿಣಾಮ ಹೆಚ್ಚುಕಡಿಮೆ ಅರ್ಧ. ಇಂಗ್ಲೆಂಡಿನಲ್ಲಿ ಇದೇ ಯೋಜನೆಯನ್ನು 1,600ಕ್ಕೂ ಹೆಚ್ಚು ಹದಿಹರೆಯದ ತಾಯಂದಿರ ಮೇಲೆ ಪರೀಕ್ಷಿಸಿದರು. 2016ರಲ್ಲಿ ಫಲಿತಾಂಶ ಬಂದಾಗ ಮುಖ್ಯವಾಗಿ ನೋಡಿದ ನಾಲ್ಕು ವಿಷಯಗಳಲ್ಲಿ ಯಾವುದರಲ್ಲೂ ಲಾಭ ಕಾಣಲಿಲ್ಲ. ಬಸಿರಿನಲ್ಲಿ ಸಿಗರೇಟು, ಮಗುವಿನ ತೂಕ, ಬೇಗನೆ ಎರಡನೇ ಬಸಿರು, ಮಗುವನ್ನು ತುರ್ತಾಗಿ ಆಸ್ಪತ್ರೆಗೆ ಒಯ್ಯುವುದು: ಎರಡೂ ಗುಂಪಿನಲ್ಲಿ ಒಂದೇ ತರಹ. ಕಾರಣ ಊಹಿಸೋದು ಕಷ್ಟವಲ್ಲ. ಅಲ್ಲಿ ಯೋಜನೆಗೆ ಸೇರದ ತಾಯಿಗೂ ಸೂಲಗಿತ್ತಿ ತರಬೇತಿ ಪಡೆದ ನರ್ಸ್ ಇದ್ದರು, ಮನೆಗೆ ಬರುವ ಆರೋಗ್ಯ ಕಾರ್ಯಕರ್ತೆ ಇದ್ದರು, ವೈದ್ಯರೂ ಪುಕ್ಕಟೆ. 1978ರ ಎಲ್ಮೈರಾದಲ್ಲಿ ಎದುರಿನ ಗುಂಪಿಗೆ ಅಷ್ಟೆಲ್ಲ ಇರಲಿಲ್ಲ.

ಕೊನೆಯದಾಗಿ, ನೀವು ಕೇಳಿದ "ಅಷ್ಟು ವರ್ಷ ಕಾದು" ಅನ್ನೋದರ ಬಗ್ಗೆ. ಯೋಜನೆ ನಡೆಸುವವರು ಹದಿನೈದು ವರ್ಷ ಕೈಕಟ್ಟಿ ಕೂರೋಕಾಗಲ್ಲ, ನಡುವೆ ಏನಾದರೂ ಅಳೆಯಲೇಬೇಕು. ಎಲ್ಮೈರಾದಲ್ಲಿ ಅಳೆದರು, ಮತ್ತು ಅಲ್ಲೇ ಗೊಂದಲವೂ ಆಯಿತು. ಮೊದಲ ಎರಡು ವರ್ಷದಲ್ಲಿ ಮದುವೆಯಾಗದ ಬಡ ಹದಿಹರೆಯದ ತಾಯಂದಿರ ಪೈಕಿ ಹಿಂಸೆ ಅಥವಾ ನಿರ್ಲಕ್ಷ್ಯ ಖಚಿತವಾದದ್ದು ನರ್ಸ್ ಬಂದವರಲ್ಲಿ ನೂರಕ್ಕೆ 4, ಉಳಿದವರಲ್ಲಿ 19. ನರ್ಸ್ ಬರೋದು ನಿಂತ ಮುಂದಿನ ಎರಡು ವರ್ಷದಲ್ಲಿ ಈ ವ್ಯತ್ಯಾಸ ಮಾಯವಾಯಿತು. ಆ ಹೊತ್ತಿನಲ್ಲಿ ಯಾರಾದರೂ ಕಡತ ನೋಡಿದ್ದರೆ ಯೋಜನೆ ಸೋತಿತು ಅಂತ ಬರೆದು ಮುಚ್ಚಿಬಿಡುತ್ತಿದ್ದರು. ಆದರೆ ಅದೇ ಅವಧಿಯಲ್ಲಿ ನರ್ಸ್ ಬಂದಿದ್ದ ಮನೆಯ ಮಕ್ಕಳು ಗಾಯ ಮಾಡಿಕೊಂಡು ಅಥವಾ ಏನನ್ನೋ ನುಂಗಿ ವೈದ್ಯರ ಹತ್ತಿರ ಹೋದದ್ದು 40 ಪ್ರತಿಶತ ಕಡಿಮೆ. ನರ್ಸ್ ಒಮ್ಮೆ ಬಂದುಹೋದ ಮನೆಯ ಮೇಲೆ ಅಧಿಕಾರಿಗಳ ಕಣ್ಣು ಜಾಸ್ತಿ ಇರುತ್ತೆ, ಬೇರೆ ಮನೆಯಲ್ಲಿ ಯಾರಿಗೂ ಕಾಣದ ಸಣ್ಣ ವಿಷಯವೂ ಅಲ್ಲಿ ದೂರಾಗಿ ದಾಖಲಾಗುತ್ತೆ. ಹಾಗಾಗಿ ನಡುವಿನ ವರ್ಷಗಳಲ್ಲಿ ನಾನು ದೂರುಗಳ ಸಂಖ್ಯೆಗಿಂತ ಆಸ್ಪತ್ರೆಯ ಗಾಯದ ದಾಖಲೆಯನ್ನೇ ಮೊದಲು ತರಿಸಿ ನೋಡುತ್ತೇನೆ.